ಮನೆಯವರ ನಡುವಿನ ಮಾತು ಯಾವಾಗ ಕರಾರಾಗುತ್ತದೆ?

ಪ್ರಶ್ನೆ: ಹಾಸನದಲ್ಲಿರುವ ನನ್ನ ಚಿಕ್ಕಪ್ಪನಿಗೆ ಮಕ್ಕಳಿಲ್ಲ. ಮೂರು ವರ್ಷದ ಹಿಂದೆ “ನೀವಿಬ್ಬರೂ ಇಲ್ಲಿಗೇ ಬಂದುಬಿಡಿ, ನಮ್ಮನ್ನು ನೋಡಿಕೊಳ್ಳಿ, ಅರ್ಧ ಮನೆ ನಿನಗೆ ಬರೆದುಕೊಡುತ್ತೇನೆ” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ನಾವು ಮೈಸೂರಿನ ಮನೆ ಮಾರಿ ಬಂದೆವು, ಎಂಟು ಲಕ್ಷ ಹಾಕಿ ಮಹಡಿ ಕಟ್ಟಿಸಿದೆವು. ಅದು ಮುಗಿದು ಎರಡು ವರ್ಷವಾಯಿತು. ನನ್ನ ಗಂಡ ಅವರ ಹಾರ್ಡ್‌ವೇರ್ ಅಂಗಡಿಯ ಲೆಕ್ಕ ನೋಡಿಕೊಂಡರೆ ಲಾಭದಲ್ಲಿ ಕಾಲುಪಾಲು ಎಂದೂ ಮಾತಾಗಿತ್ತು. ಮೊದಲ ವರ್ಷ ಕೊಟ್ಟರು, ಆಮೇಲೆ ಇಲ್ಲ. ಈಗ ಮನೆ ಬಿಡಿ ಎಂದು ನೋಟಿಸ್ ಕೊಟ್ಟಿದ್ದಾರೆ. ಮನೆಯವರ ನಡುವಿನ ಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲ ಎಂದು ಅದರಲ್ಲಿದೆ. ನಿಜವೇ? ನಾವು ದುಡ್ಡಿನ ಆಸೆಗೆ ಬಂದವರಲ್ಲ, ಪ್ರೀತಿಯಿಂದಲೇ ಎಲ್ಲ ಮಾಡಿದೆವು.

ಉತ್ತರ: ನೋಟಿಸಿನಲ್ಲಿರುವ ಮಾತು ಅರ್ಧ ನಿಜ. ಮನೆಯವರ ನಡುವಿನ ಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಕರಾರೆಂದು ನೋಡುವುದಿಲ್ಲ ಎಂಬಷ್ಟು ಸರಿ. ಎಂದಿಗೂ ನೋಡುವುದಿಲ್ಲ ಎಂಬುದು ತಪ್ಪು. ನೀವು ಬರೆದಿರುವುದರಲ್ಲಿ ಎರಡು ಬೇರೆ ಬೇರೆ ಮಾತುಗಳಿವೆ. ಮನೆಯದು ಒಂದು, ಅಂಗಡಿಯದು ಇನ್ನೊಂದು. ಎರಡನ್ನೂ ಆಡಿದವರು ಅದೇ ಚಿಕ್ಕಪ್ಪನಾದರೂ ನ್ಯಾಯಾಲಯ ಅವನ್ನು ನೋಡಲು ಹೊರಡುವ ಜಾಗ ಬೇರೆ, ಹಾಗಾಗಿ ರುಜುವಾತಿನ ಹೊಣೆ ಬೀಳುವ ಹೆಗಲೂ ಬೇರೆ.

ಈ ವಿಚಾರ ಬಂದದ್ದು ಇಂಗ್ಲೆಂಡಿನಿಂದ. ಸಿಲೋನಿನಲ್ಲಿ ನೀರಾವರಿ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಬಾಲ್ಫೋರ್ ಎಂಬವರು ರಜೆ ಮುಗಿಸಿ 1916ರಲ್ಲಿ ಹಡಗು ಹತ್ತುವಾಗ, ವೈದ್ಯರ ಸಲಹೆಯಂತೆ ಇಂಗ್ಲೆಂಡಿನಲ್ಲೇ ಉಳಿದ ಹೆಂಡತಿಗೆ ತಿಂಗಳಿಗೆ 30 ಪೌಂಡ್ ಕಳಿಸುವುದಾಗಿ ಹೇಳಿದ್ದರು. ಮುಂದೆ ಸಂಸಾರ ಮುರಿದು, ಆಕೆ ಆ ಹಣಕ್ಕಾಗಿ ದಾವೆ ಹೂಡಿದರು. ಕೆಳ ನ್ಯಾಯಾಲಯದಲ್ಲಿ ಗೆದ್ದ ಆಕೆ 1919ರಲ್ಲಿ ಮೇಲ್ಮನವಿಯಲ್ಲಿ ಸೋತರು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ಅಟ್ಕಿನ್ ಹೇಳಿದ್ದು ಇಷ್ಟು: ಜೊತೆಯಲ್ಲಿ ವಾಕಿಂಗ್ ಹೋಗೋಣ ಎಂದು ಇಬ್ಬರು ಮಾತಾಡಿಕೊಂಡರೂ, ಒಬ್ಬರು ಊಟಕ್ಕೆ ಕರೆದು ಇನ್ನೊಬ್ಬರು ಒಪ್ಪಿಕೊಂಡರೂ ಅದು ಒಪ್ಪಂದವೇ, ಆದರೆ ಕರಾರಲ್ಲ, ಏಕೆಂದರೆ ಅದನ್ನು ಮುರಿದರೆ ಕೋರ್ಟಿಗೆ ಹೋಗಬೇಕಾದೀತೆಂದು ಇಬ್ಬರ ಮನಸ್ಸಿನಲ್ಲೂ ಇರುವುದಿಲ್ಲ, ಸಂಸಾರದೊಳಗೆ ಗಂಡ ಹೆಂಡತಿ ಆಡಿಕೊಳ್ಳುವ ಮಾತೂ ಬಹುಮಟ್ಟಿಗೆ ಅದೇ ಜಾತಿಗೆ ಸೇರಿದ್ದು. ಉಳಿದ ಇಬ್ಬರು ನ್ಯಾಯಮೂರ್ತಿಗಳು ಹೆಚ್ಚಾಗಿ ಮಾತಿಗೆ ಪ್ರತಿಯಾಗಿ ಸಿಗಬೇಕಾದ ಪ್ರತಿಫಲದ ಕೊರತೆಯನ್ನು ಎತ್ತಿ ಹೇಳಿದರು ಎಂಬುದನ್ನು ಪಠ್ಯಪುಸ್ತಕಗಳು ಮರೆಸಿಬಿಡುತ್ತವೆ. ಹೆಸರು ಉಳಿದದ್ದು ಅಟ್ಕಿನ್ ಅವರ ಮಾತಿಗೆ.

ಅಲ್ಲಿಂದ ಬೆಳೆದದ್ದು ಎರಡು ಪೂರ್ವಭಾವನೆಗಳು. ಮನೆಯವರ, ಸ್ನೇಹಿತರ ನಡುವಿನ ಮಾತಾದರೆ, ಕಾನೂನಿನ ಕಟ್ಟಿಗೆ ಒಳಪಡುವ ಉದ್ದೇಶ ಇರಲಿಲ್ಲ ಎಂದೇ ನ್ಯಾಯಾಲಯ ಹಿಡಿದು ಹೊರಡುತ್ತದೆ. ಇತ್ತು ಎನ್ನುವವರು ಅದನ್ನು ರುಜುವಾತು ಮಾಡಬೇಕು. ವ್ಯಾಪಾರದ ಮಾತಾದರೆ ಇತ್ತು ಎಂದೇ ಹೊರಡುತ್ತದೆ. ಇರಲಿಲ್ಲ ಎನ್ನುವವರ ಮೇಲೆ ಹೊರೆ, ಅದೂ ಸಾಕಷ್ಟು ಭಾರದ ಹೊರೆ. ಪೂರ್ವಭಾವನೆ ಎಂದರೆ ತೀರ್ಪಲ್ಲ, ಸಾಕ್ಷ್ಯ ಕಣ್ಣಿಗೆ ಬೀಳುವ ಮೊದಲು ನ್ಯಾಯಾಧೀಶರು ನಿಂತಿರುವ ಜಾಗ ಅಷ್ಟೇ. ಅಲ್ಲಿಂದ ಅವರನ್ನು ಸಾಕ್ಷ್ಯದ ಬಲದಿಂದ ಸರಿಸಬಹುದು. ಇನ್ನೂ ಒಂದು ಮಾತು: ಇಲ್ಲಿ ಉದ್ದೇಶವೆಂದರೆ ಚಿಕ್ಕಪ್ಪನ ಅಂತರಂಗದಲ್ಲಿ ಏನಿತ್ತು ಎಂಬುದಲ್ಲ. ಅವರು ಆಡಿದ ಮಾತನ್ನೂ ಆಡಿದ ಸಂದರ್ಭವನ್ನೂ ನೋಡಿದ ಸಾಮಾನ್ಯ ಮನುಷ್ಯನಿಗೆ ಏನು ಅನ್ನಿಸುತ್ತಿತ್ತು ಎಂಬುದು. “ನನ್ನ ಮನಸ್ಸಿನಲ್ಲಿ ಹಾಗಿರಲಿಲ್ಲ” ಎಂದು ಅವರು ಕಟಕಟೆಯಲ್ಲಿ ನಿಂತು ಹೇಳಿದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ.

ನಮ್ಮ 1872ರ ಕರಾರು ಅಧಿನಿಯಮದಲ್ಲಿ ಈ ಉದ್ದೇಶದ ಮಾತೇ ಇಲ್ಲ. ಹತ್ತನೆಯ ಕಲಮು ಸ್ವತಂತ್ರ ಸಮ್ಮತಿ, ಅರ್ಹ ಪಕ್ಷಗಳು, ಕಾನೂನುಬದ್ಧ ಪ್ರತಿಫಲ ಮತ್ತು ಗುರಿಯನ್ನು ಕೇಳುತ್ತದೆ, ಇದನ್ನು ಕೇಳುವುದಿಲ್ಲ. ಹಾಗಾಗಿ ಇಂಗ್ಲಿಷ್ ತತ್ತ್ವ ಇಲ್ಲಿ ಎಷ್ಟರ ಮಟ್ಟಿಗೆ ಪ್ರತ್ಯೇಕ ಅಂಶವಾಗಿ ನಿಲ್ಲುತ್ತದೆ ಎಂಬ ಚರ್ಚೆ ಹಳೆಯದು. ನನ್ನ ಮಟ್ಟಿಗೆ ಆ ಚರ್ಚೆಯಿಂದ ನಿಮ್ಮ ವ್ಯಾಜ್ಯಕ್ಕೆ ಆಗುವ ಲಾಭನಷ್ಟ ಕಡಿಮೆ. ನಮ್ಮ ನ್ಯಾಯಾಲಯಗಳು ಅದೇ ಪ್ರಶ್ನೆಯನ್ನು “ಇದು ನಿಜಕ್ಕೂ ಪ್ರಸ್ತಾವವೇ, ಸುಮ್ಮನೆ ಆಡಿದ ಮಾತೇ” ಎಂಬ ರೂಪದಲ್ಲಾದರೂ ಕೇಳಿಯೇ ಕೇಳುತ್ತವೆ.

ಈಗ ಮನೆಯ ಮಾತಿಗೆ ಬರೋಣ. ನಿಮ್ಮ ಕತೆಗೆ ತೀರ ಹತ್ತಿರದ್ದು 1960ರಲ್ಲಿ ವರದಿಯಾದ ಪಾರ್ಕರ್ ವಿರುದ್ಧ ಕ್ಲಾರ್ಕ್ ಎಂಬ ಪ್ರಕರಣ. ಇಂಗ್ಲೆಂಡಿನ ಟಾರ್ಕಿ ಪಟ್ಟಣದಲ್ಲಿ ವಯಸ್ಸಾದ ಕ್ಲಾರ್ಕ್ ದಂಪತಿಗಳು ದೊಡ್ಡ ಮನೆಯಲ್ಲಿ ಇಬ್ಬರೇ ಇದ್ದರು. ಶ್ರೀಮತಿ ಕ್ಲಾರ್ಕ್ ಅವರಿಗೆ ಸಂಬಂಧದಲ್ಲಿ ಮಗಳಾಗಬೇಕಾದ ಶ್ರೀಮತಿ ಪಾರ್ಕರ್ ಮತ್ತು ಆಕೆಯ ಗಂಡನನ್ನು ತಮ್ಮ ಜೊತೆಯಲ್ಲಿರಲು ಕರೆದರು. ಪಾರ್ಕರ್ ದಂಪತಿಗಳು ಕೂಡಲೇ ಹೂಂ ಎನ್ನಲಿಲ್ಲ. ಹಾಗೆ ಮಾಡಬೇಕಾದರೆ ನಮ್ಮ ಸ್ವಂತ ಮನೆ ಮಾರಬೇಕಾಗುತ್ತದಲ್ಲ ಎಂದು ಕೇಳಿದರು. ಅದಕ್ಕೆ ಉತ್ತರವಾಗಿ ಶ್ರೀ ಕ್ಲಾರ್ಕ್ ಪತ್ರ ಬರೆದು, ಮನೆಖರ್ಚು ಹೇಗೆ ಹಂಚಿಕೊಳ್ಳುವುದು ಎಂಬುದನ್ನೂ, ತಮ್ಮ ಕಾಲಾನಂತರ ಮನೆಯಲ್ಲಿ ಆಕೆಗೆ ಪಾಲು ಬಿಡುವುದನ್ನೂ ಕಾಣಿಸಿದರು. ಪಾರ್ಕರ್ ದಂಪತಿಗಳು ಮನೆ ಮಾರಿ ಬಂದರು. ಕೆಲವು ಕಾಲದಲ್ಲಿ ಮನಸ್ತಾಪ ಬೆಳೆದು ಹೊರಗೆ ಹೋಗುವಂತಾಯಿತು. ನ್ಯಾಯಮೂರ್ತಿ ಡೆವ್ಲಿನ್ ಅದು ಬದ್ಧಕರಾರೆಂದು ತೀರ್ಮಾನಿಸಿ ನಷ್ಟಪರಿಹಾರ ಕೊಡಿಸಿದರು. ಮುದುಕರಾದ ಇಬ್ಬರು ಬಂಧುಗಳು ಕರೆದರೆಂದು, ಕಾನೂನಿನ ಬಲವಿಲ್ಲದ ಮಾತನ್ನು ನಂಬಿ ತಲೆಯ ಮೇಲಿನ ಸೂರನ್ನು ಮಾರಿಕೊಳ್ಳುವವರು ಇರುತ್ತಾರೆಯೇ ಎಂಬುದು ಆ ತೀರ್ಪಿನ ಒಳಗಿನ ತರ್ಕ.

ನಿಮ್ಮ ಪಾಲಿಗೆ ಪೂರ್ವಭಾವನೆಯನ್ನು ಅಲುಗಾಡಿಸುವ ಮುಖ್ಯ ಸಂಗತಿ ಇದೇ: ಮೈಸೂರಿನ ಮನೆಯ ಕ್ರಯಪತ್ರ. ಆ ವಾಟ್ಸ್‌ಆ್ಯಪ್ ಸಂದೇಶದ ತಾರೀಖು, ಕ್ರಯಪತ್ರದ ತಾರೀಖು, ಎಂಟು ಲಕ್ಷ ಬ್ಯಾಂಕಿನಿಂದ ಹೋದ ತಾರೀಖು ಈ ಮೂರೂ ಒಂದರ ಹಿಂದೆ ಒಂದು ಬಂದಿದ್ದರೆ, ಮಾತನ್ನು ನಂಬಿ ನೀವು ಹಿಂದಕ್ಕೆ ಬರಲಾಗದ ಹೆಜ್ಜೆಯಿಟ್ಟಿರಿ ಎಂಬುದನ್ನು ಅವೇ ಹೇಳುತ್ತವೆ. ಮನೆ ಮಾರಿದ್ದು ಸಂದೇಶಕ್ಕಿಂತ ಮೊದಲೋ, ಬೇರೆ ಸಾಲ ತೀರಿಸುವುದಕ್ಕೋ ಆಗಿದ್ದರೆ ಈ ವಾದದ ಬಲ ಕುಗ್ಗುತ್ತದೆ. ಫೋನನ್ನು ಬದಲಿಸಬೇಡಿ, ಸಂಭಾಷಣೆಯನ್ನು ಅಳಿಸಬೇಡಿ. ವಾಟ್ಸ್‌ಆ್ಯಪ್ ಸಂದೇಶದ ಮುದ್ರಿತ ಪ್ರತಿಯನ್ನು ಕೋರ್ಟಿಗೆ ಹಾಜರುಪಡಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೆಯ ಕಲಮಿನ ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಫೋನನ್ನು ಮಾರಿಬಿಟ್ಟವರನ್ನು ನಾನು ನೋಡಿದ್ದೇನೆ.

ಆದರೆ ಎದುರಿನ ವಕೀಲರು ಪಾರ್ಕರ್ ಪ್ರಕರಣವನ್ನು ಓದುವುದಿಲ್ಲ, ಜೋನ್ಸ್ ವಿರುದ್ಧ ಪಡವಾಟನ್ ಪ್ರಕರಣವನ್ನು ಓದುತ್ತಾರೆ. ಟ್ರಿನಿಡಾಡಿನಲ್ಲಿದ್ದ ತಾಯಿ, ವಾಷಿಂಗ್ಟನ್ನಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಒಳ್ಳೆಯ ಕೆಲಸದಲ್ಲಿದ್ದ ಮಗಳಿಗೆ, ಅದನ್ನು ಬಿಟ್ಟು ಲಂಡನ್ನಿಗೆ ಹೋಗಿ ಬ್ಯಾರಿಸ್ಟರ್ ಓದಿದರೆ ತಿಂಗಳಿಗೆ 200 ಡಾಲರ್ ಕೊಡುವುದಾಗಿ ಹೇಳಿದರು. ಮಗಳು 1962ರಲ್ಲಿ ಲಂಡನ್ನಿಗೆ ಬಂದರು. ಬಂದ ಮೇಲೆ ತಿಳಿಯಿತು, ತಾಯಿಯ ಮನಸ್ಸಿನಲ್ಲಿದ್ದದ್ದು ವೆಸ್ಟ್ ಇಂಡೀಸಿನ ಡಾಲರ್, ಮಗಳ ಮನಸ್ಸಿನಲ್ಲಿದ್ದದ್ದು ಅಮೆರಿಕದ್ದು. ಮಗಳು ಕಡಿಮೆ ಬೆಲೆಯ ಡಾಲರನ್ನೇ ತೆಗೆದುಕೊಂಡು ಸುಮ್ಮನಾದರು. ಆಮೇಲೆ ತಾಯಿ ಅಲ್ಲೊಂದು ಮನೆ ಕೊಂಡು, ಒಂದಿಷ್ಟು ಕೋಣೆಯಲ್ಲಿ ನೀನಿರು, ಉಳಿದದ್ದರ ಬಾಡಿಗೆಯಲ್ಲಿ ಜೀವನ ಸಾಗಿಸು ಎಂದರು. ಓದು ಮುಗಿಯಲೇ ಇಲ್ಲ. 1967ರಲ್ಲಿ ತಾಯಿ ಮನೆ ಬಿಡಿಸಿಕೊಡಿ ಎಂದು ದಾವೆ ಹಾಕಿ ಮೇಲ್ಮನವಿಯಲ್ಲಿ ಗೆದ್ದರು. ಇಬ್ಬರು ನ್ಯಾಯಮೂರ್ತಿಗಳು ಇದು ತಾಯಿ ಮಗಳ ನಡುವಿನ ವಿಶ್ವಾಸದ ಏರ್ಪಾಟು, ಮೊದಲಿಂದಲೂ ಕರಾರಲ್ಲ ಎಂದರು. ಮೂರನೆಯವರಾದ ಸಾಲ್ಮನ್ ಮಾತ್ರ, ಇದ್ದ ಕೆಲಸ ಬಿಡಿಸಿ ಕರೆಸಿದ ಮಾತು ಕರಾರೇ, ಆದರೆ ಓದಿಗೆ ಬೇಕಾದ ತಕ್ಕಷ್ಟು ಕಾಲ ಕಳೆದುಹೋದದ್ದರಿಂದ ಅದರ ಅವಧಿ ಮುಗಿಯಿತು ಎಂದರು. ನನಗೆ ಸಾಲ್ಮನ್ ಅವರ ದಾರಿಯೇ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಬಹುಮತ ಹೋದದ್ದು ಆ ಕಡೆಗಲ್ಲ.

ಮಗಳು ಅಲ್ಲಿ ಸೋಲಲು ಒಂದು ದೊಡ್ಡ ಕಾರಣ ಮಾತು ಮಸುಕಾಗಿದ್ದದ್ದು. ಯಾವ ಡಾಲರ್, ಎಷ್ಟು ವರ್ಷ, ಯಾವ ಕೋಣೆಗಳು, ಯಾವುದೂ ಗೊತ್ತಾಗಿರಲಿಲ್ಲ. ಕಾನೂನಿನ ಕಟ್ಟು ಬೇಕೆಂದಿದ್ದವರು ಇಷ್ಟನ್ನೂ ಬಿಡಿಸಿ ಮಾತಾಡುತ್ತಿದ್ದರು ಎಂದು ನ್ಯಾಯಾಧೀಶರಿಗೆ ಅನ್ನಿಸುವುದು ಸಹಜ. ನಿಮ್ಮ ಪ್ರಕರಣದ ದುರ್ಬಲ ಜಾಗವೂ ಇದೇ. “ಬರೆದುಕೊಡುತ್ತೇನೆ” ಎಂಬ ಒಂದೇ ಮಾತಿನಲ್ಲಿ ನಾವು ಕ್ರಯಪತ್ರವನ್ನೂ ದಾನಪತ್ರವನ್ನೂ ಉಯಿಲನ್ನೂ ಅಡಗಿಸುತ್ತೇವೆ. ಕಾನೂನಿಗೆ ಇವು ಮೂರೂ ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳು. ಕ್ರಯಕ್ಕೆ ಬೆಲೆ ಬೇಕು, ನೋಂದಣಿ ಬೇಕು. ದಾನಕ್ಕೆ ಬೆಲೆ ಇಲ್ಲ, ಆದರೆ ನೋಂದಣಿ ಬೇಕು. ಉಯಿಲಿಗೆ ನೋಂದಣಿಯ ಕಡ್ಡಾಯವಿಲ್ಲ, ಬರೆದವರು ಬದುಕಿರುವ ತನಕ ಬದಲಿಸಬಹುದು. ಚಿಕ್ಕಪ್ಪ ಮುಂದೆ ಯಾವುದನ್ನಾದರೂ ಸ್ಪಷ್ಟಪಡಿಸಿದ್ದಾರೆಯೇ ನೋಡಿ. “ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗೋಣ”, “ಖಾತೆ ಮಾಡಿಸೋಣ”, “ಮುಂದಿನ ಭಾಗ ನಿನ್ನದು, ಹಿಂದಿನದು ನಮ್ಮದು” ಎಂಬಂಥ ಒಂದು ಸಂದೇಶ ಸಿಕ್ಕರೂ ಅದು ಪ್ರೀತಿಯ ಹತ್ತು ಸಂದೇಶಗಳಿಗಿಂತ ಹೆಚ್ಚು ತೂಗುತ್ತದೆ. ಅಂಥದ್ದು ಇಲ್ಲದಿದ್ದರೆ ಉದ್ದೇಶದ ಪ್ರಶ್ನೆಯನ್ನು ದಾಟಿದರೂ ಕರಾರು ಅಧಿನಿಯಮದ 29ನೆಯ ಕಲಮಿನ ಅನಿಶ್ಚಿತತೆಯ ತಡೆ ಎದುರಾಗುತ್ತದೆ, ಯಾವ ಅರ್ಧ ಎಂದೇ ಗೊತ್ತಿಲ್ಲದ ಮನೆಯನ್ನು ಬರೆದುಕೊಡಿ ಎಂದು ಆದೇಶಿಸುವುದು ಕಷ್ಟ.

ಕೈಬರಹ ಎಷ್ಟು ದೂರ ಕೊಂಡೊಯ್ಯಬಲ್ಲದು ಎಂಬುದಕ್ಕೆ 1970ರ ಮೆರಿಟ್ ಪ್ರಕರಣವಿದೆ. ಬೇರೊಬ್ಬ ಹೆಂಗಸಿನ ಜೊತೆ ಇರಲು ಹೋದ ಗಂಡ 1966ರಲ್ಲಿ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿಕೊಂಡು ಮಾತಾಡಿದ. ತಿಂಗಳಿಗೆ 40 ಪೌಂಡ್ ಕೊಡುತ್ತೇನೆ, ಅದರಲ್ಲಿ ಮನೆಸಾಲದ ಕಂತು ಕಟ್ಟು ಎಂದ. ಬರವಣಿಗೆಯಲ್ಲಿ ಕೊಡದ ಹೊರತು ಕಾರಿನಿಂದ ಇಳಿಯುವುದಿಲ್ಲ ಎಂದು ಆಕೆ ಪಟ್ಟು ಹಿಡಿದಳು. ಸಾಲ ತೀರಿದ ಮೇಲೆ ಮನೆಯನ್ನು ನಿನ್ನ ಹೆಸರಿಗೆ ಮಾಡುತ್ತೇನೆ ಎಂದು ಆತ ಒಂದು ಕಾಗದದ ತುಂಡಿನಲ್ಲಿ ಬರೆದು ಸಹಿ ಹಾಕಿದ. ಆಕೆ ಸಾಲ ತೀರಿಸಿದಳು, ಆತ ಮಾತು ಬದಲಿಸಿದ, ನ್ಯಾಯಾಲಯ ಮನೆಯನ್ನು ಆಕೆಗೆ ಕೊಡಿಸಿತು. ಒಟ್ಟಿಗೆ ಬಾಳುವಾಗ ಆಡಿದ ಮಾತಿಗೂ, ಬೇರೆಯಾಗುವಾಗ ಲೆಕ್ಕ ಹಾಕಿ ಆಡಿದ ಮಾತಿಗೂ ಇರುವ ದೂರವನ್ನು ಲಾರ್ಡ್ ಡೆನ್ನಿಂಗ್ ಅಲ್ಲಿ ಗುರುತಿಸಿದರು. ನಿಮ್ಮ ಚಿಕ್ಕಪ್ಪ ಮಾತಾಡಿದ್ದು ಚೆನ್ನಾಗಿದ್ದಾಗ. ಆದ್ದರಿಂದ ಮೆರಿಟ್ ಪ್ರಕರಣ ನಿಮಗೆ ಪೂರ್ತಿ ಒದಗುವುದಿಲ್ಲ.

ಇನ್ನೊಂದು ಮಾತನ್ನು ನಿಮ್ಮ ನೆಂಟರಲ್ಲಿ ಯಾರಾದರೂ ಹೇಳಿರಬಹುದು: ರಕ್ತಸಂಬಂಧಿಗಳ ನಡುವೆ ಪ್ರೀತಿ ವಿಶ್ವಾಸದಿಂದ ಕೊಟ್ಟ ಮಾತಿಗೆ ಕರಾರು ಅಧಿನಿಯಮದ 25ನೆಯ ಕಲಮಿನಲ್ಲಿ ಬಲವಿದೆ ಎಂದು. ಇದೆ, ಆದರೆ ಅದು ಬರವಣಿಗೆಯಲ್ಲಿದ್ದು ನೋಂದಣಿಯೂ ಆಗಿದ್ದರೆ ಮಾತ್ರ. ವಾಟ್ಸ್‌ಆ್ಯಪ್ ಸಂದೇಶ ನೋಂದಣಿಯಾಗುವುದಿಲ್ಲ. ಹಾಗಾಗಿ ಪ್ರೀತಿಯ ದಾರಿಯನ್ನು ಬಿಟ್ಟು ಪ್ರತಿಫಲದ ದಾರಿಯನ್ನೇ ಹಿಡಿಯಬೇಕು. ನೀವು ಮನೆ ಮಾರಿ ಬಂದದ್ದು, ಹಣ ಹಾಕಿದ್ದು, ನೋಡಿಕೊಂಡದ್ದು, ಎಲ್ಲವೂ ಅವರು ಕೇಳಿದ್ದಕ್ಕೆ ಪ್ರತಿಯಾಗಿ ಎಂಬುದೇ ನಿಮ್ಮ ನಿಲುವಾಗಬೇಕು.

ಅಂಗಡಿಯ ಮಾತು ಬೇರೆಯೇ. ಅಲ್ಲಿಯೂ ಅವರು ಚಿಕ್ಕಪ್ಪ, ನಿಮ್ಮ ಯಜಮಾನರು ಮನೆಯ ಅಳಿಯ. ಆದರೆ ಪೂರ್ವಭಾವನೆಯನ್ನು ತೀರ್ಮಾನಿಸುವುದು ನೆಂಟಸ್ತನವೊಂದೇ ಅಲ್ಲ, ಮಾತಿನ ವಿಷಯವೂ ಹೌದು. ಸ್ನೆಲ್ಲಿಂಗ್ ಎಂಬ ಮೂವರು ಅಣ್ಣತಮ್ಮಂದಿರು ತಮ್ಮ ಮನೆತನದ ಕಂಪನಿಗೆ ಸಾಲ ಕೊಟ್ಟಿದ್ದರು. ಯಾರಾದರೂ ತಾವಾಗಿ ನಿರ್ದೇಶಕ ಸ್ಥಾನ ಬಿಟ್ಟರೆ ಅವರಿಗೆ ಬರಬೇಕಾದ ಸಾಲ ಮುಟ್ಟುಗೋಲಾಗಬೇಕು ಎಂದು ತಮ್ಮಲ್ಲೇ ಒಪ್ಪಿಕೊಂಡರು. ಕೆಲವೇ ತಿಂಗಳಲ್ಲಿ ಒಬ್ಬ ರಾಜೀನಾಮೆ ಕೊಟ್ಟು ಸಾಲದ ಹಣ ಕೇಳಿದ. ನಾವು ಅಣ್ಣತಮ್ಮಂದಿರು, ಅದು ಮನೆಯ ಮಾತು ಎಂಬುದು ನಡೆಯಲಿಲ್ಲ. ಕಂಪನಿಯ ವ್ಯವಹಾರದಲ್ಲಿ ಆಡಿದ ಮಾತನ್ನು ವ್ಯಾಪಾರದ ಮಾತೆಂದೇ ನ್ಯಾಯಾಲಯ ನೋಡಿತು. ಹಾರ್ಡ್‌ವೇರ್ ಅಂಗಡಿಯ ಲಾಭದಲ್ಲಿ ಕಾಲುಪಾಲು ಎಂಬ ಮಾತಿಗೂ ಇದೇ ಅಳತೆ. ಅದು ಕರಾರಲ್ಲ ಎಂದು ತೋರಿಸುವ ಹೊರೆ ಚಿಕ್ಕಪ್ಪನ ಮೇಲೆ. ಅದರ ಮೇಲೆ ಮೊದಲ ವರ್ಷ ಅವರು ಪಾಲು ಕೊಟ್ಟಿದ್ದಾರೆ. ಆ ಹಣ ಬ್ಯಾಂಕಿನ ಮೂಲಕ ಬಂದಿದ್ದು, ಆ ವರ್ಷದ ಲಾಭದ ಕಾಲುಭಾಗಕ್ಕೆ ಲೆಕ್ಕ ತಾಳೆಯಾದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಹಬ್ಬಕ್ಕೆ ಕೊಟ್ಟ ಉಡುಗೊರೆ ಯಾವತ್ತೂ ಲಾಭದ ಶೇಕಡಾ ಲೆಕ್ಕಕ್ಕೆ ಸರಿಹೊಂದುವುದಿಲ್ಲ.

ವ್ಯಾಪಾರದಲ್ಲಿಯೂ ಈ ಪೂರ್ವಭಾವನೆಯನ್ನು ಮುರಿಯಬಹುದು, ಆದರೆ ಅದಕ್ಕೆ ಬಿಚ್ಚಿಟ್ಟ ಮಾತು ಬೇಕು. ಕಾರ್ಬನ್ ಕಾಗದದ ವಹಿವಾಟಿನ ಇಂಗ್ಲಿಷ್ ಮತ್ತು ಅಮೆರಿಕನ್ ಕಂಪನಿಗಳು 1913ರಲ್ಲಿ ಬರೆದುಕೊಂಡ ಪತ್ರದಲ್ಲಿ, ಇದು ಕಾನೂನಿನ ಒಪ್ಪಂದವಲ್ಲ, ಮರ್ಯಾದೆಯ ಮೇಲಿನ ಮಾತು, ಕೋರ್ಟಿಗೆ ಸಂಬಂಧವಿಲ್ಲ ಎಂದು ನೇರವಾಗಿ ಹಾಕಿದ್ದರು. ರೋಸ್ ಅಂಡ್ ಫ್ರಾಂಕ್ ಪ್ರಕರಣದಲ್ಲಿ ನ್ಯಾಯಾಲಯ ಅದನ್ನು ಹಾಗೆಯೇ ಗೌರವಿಸಿತು. ಆದರೆ ಅದರಡಿ ಆಗಲೇ ಒಪ್ಪಿಕೊಂಡಿದ್ದ ಮಾಲಿನ ಆರ್ಡರುಗಳು ಮಾತ್ರ ಬದ್ಧ ಎಂದು ಇಂಗ್ಲೆಂಡಿನ ಅಂದಿನ ಅತ್ಯುನ್ನತ ನ್ಯಾಯಾಲಯವಾದ ಹೌಸ್ ಆಫ್ ಲಾರ್ಡ್ಸ್ ಹೇಳಿತು. ಚಿಕ್ಕಪ್ಪ ಅಂಥ ಮಾತನ್ನೇನೂ ಬರೆದಿಲ್ಲವೆಂದು ನಿಮ್ಮ ಪತ್ರದಿಂದ ತೋರುತ್ತದೆ. ನಂಬಿಕೆಯ ಮೇಲೆ ನಡೆದ ವ್ಯವಹಾರ ಎಂದು ಈಗ ಹೇಳಿದರೆ ಸಾಲದು. ನಮ್ಮೂರ ಪೇಟೆಯ ಅರ್ಧ ವ್ಯವಹಾರ ನಡೆಯುವುದು ನಂಬಿಕೆಯ ಮೇಲೆಯೇ.

ಇಲ್ಲಿ ಒಂದು ಎಚ್ಚರ. ದಾವೆಯಲ್ಲಿ ನಿಮ್ಮ ಯಜಮಾನರನ್ನು ಪಾಲುದಾರರೆಂದು ಬರೆಸಬೇಡಿ, ಅವಸರದಲ್ಲಂತೂ ಬೇಡ. ನೋಂದಣಿಯಾಗದ ಪಾಲುದಾರಿಕೆಯ ಪಾಲುದಾರ ಕರಾರಿನ ಹಕ್ಕಿಗಾಗಿ ಇನ್ನೊಬ್ಬ ಪಾಲುದಾರನ ಮೇಲೆ ದಾವೆ ಹೂಡುವುದನ್ನು ಪಾಲುದಾರಿಕೆ ಅಧಿನಿಯಮದ 69ನೆಯ ಕಲಮು ತಡೆಯುತ್ತದೆ. ಕೆಲಸಕ್ಕೆ ಸಂಬಳದ ಬದಲು ಲಾಭದ ಪಾಲು ಪಡೆಯುವವನು ಅದರಿಂದಲೇ ಪಾಲುದಾರನಾಗುವುದಿಲ್ಲ ಎಂದು ಅದೇ ಅಧಿನಿಯಮದ ಆರನೆಯ ಕಲಮಿನ ವಿವರಣೆಯಲ್ಲಿದೆ. ನಿಮ್ಮ ಸಂಗತಿಗೆ ಒಪ್ಪುವುದು ಅದು.

ಮನೆಯ ಮಾತು ಕರಾರಾಗಿ ನಿಲ್ಲದೇ ಹೋದರೂ ಎಂಟು ಲಕ್ಷ ಮುಳುಗಿತು ಎಂದೇನಲ್ಲ. ಕರಾರು ಅಧಿನಿಯಮದ 70ನೆಯ ಕಲಮಿನ ಪ್ರಕಾರ, ಒಬ್ಬರು ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ, ನ್ಯಾಯವಾದ ರೀತಿಯಲ್ಲಿ ಇನ್ನೊಬ್ಬರಿಗೆ ಏನನ್ನಾದರೂ ಮಾಡಿಕೊಟ್ಟು, ಆ ಇನ್ನೊಬ್ಬರು ಅದರ ಲಾಭವನ್ನು ಅನುಭವಿಸಿದರೆ, ಅದಕ್ಕೆ ತಕ್ಕ ಪರಿಹಾರ ಕೊಡಬೇಕು. ಇದಕ್ಕೆ ಕರಾರು ಬೇಕಿಲ್ಲ. ಮಹಡಿ ಅವರ ನಿವೇಶನದ ಮೇಲೆ ನಿಂತಿದೆ, ಅವರಿಗೆ ತಿಳಿದೇ ಕಟ್ಟಿದ್ದು, ನಿಮ್ಮನ್ನು ಹೊರಗೆ ಕಳಿಸಿದ ಮೇಲೆ ಅನುಭವಿಸುವವರೂ ಅವರೇ. ಸಿಮೆಂಟು, ಕಬ್ಬಿಣ, ಮೇಸ್ತ್ರಿಯ ಕೂಲಿಯ ಚೀಟಿಗಳನ್ನು ಹುಡುಕಿಡಿ. ನಿಮ್ಮ ವಕೀಲರು ಕರಾರಿನ ಪರಿಹಾರವನ್ನು ಮುಖ್ಯವಾಗಿಯೂ ಈ ಕಲಮಿನ ಪರಿಹಾರವನ್ನು ಪರ್ಯಾಯವಾಗಿಯೂ ಒಂದೇ ದಾವೆಯಲ್ಲಿ ಕೇಳಬಹುದು. ಹಣದ ಇಂಥ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿ. ಅದು ಮಹಡಿ ಮುಗಿದ ದಿನದಿಂದಲೋ ಅವರು ಮಾತು ಮುರಿದ ದಿನದಿಂದಲೋ ಎಂದು ವಾದ ಬರಬಹುದು, ಹಾಗಾಗಿ ಬೇಗ ಮುಗಿಯುವ ತಾರೀಖನ್ನೇ ಲೆಕ್ಕಕ್ಕೆ ಹಿಡಿಯಿರಿ. ನಿಮಗೆ ಉಳಿದಿರುವುದು ಒಂದು ವರ್ಷಕ್ಕಿಂತ ಹೆಚ್ಚಲ್ಲ ಎಂದುಕೊಂಡು ಹೊರಡುವುದು ಕ್ಷೇಮ.

ಪುಕ್ಕಟೆಯಾಗಿ ಮಾಡುವ ಉದ್ದೇಶವಿಲ್ಲದೆ ಎಂಬ ಮಾತನ್ನು ಇನ್ನೊಮ್ಮೆ ಓದಿಕೊಳ್ಳಿ. ಕರಾರಿನಲ್ಲಿ ಮುಂಬಾಗಿಲಲ್ಲಿ ನಿಂತಿದ್ದ ಉದ್ದೇಶದ ಪ್ರಶ್ನೆ ಇಲ್ಲಿ ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಬರುತ್ತದೆ. ನಿಮ್ಮ ಪತ್ರದ ಕೊನೆಯ ಸಾಲು ನನಗೆ ಚಿಂತೆ ಹುಟ್ಟಿಸಿದ್ದು ಅದಕ್ಕೇ. ದುಡ್ಡಿನ ಆಸೆಗೆ ಬಂದವರಲ್ಲ, ಪ್ರೀತಿಯಿಂದಲೇ ಎಲ್ಲ ಮಾಡಿದೆವು ಎಂಬುದು ನಿಮ್ಮ ಮನಸ್ಸಿನ ಮಾತು, ಮರ್ಯಾದಸ್ಥರು ಆಡುವ ಮಾತು, ನಾನು ಅದನ್ನು ನಂಬುತ್ತೇನೆ ಕೂಡ. ನೋಟಿಸಿಗೆ ಕೊಡುವ ಉತ್ತರದಲ್ಲಿ ಅದೇ ಸಾಲು ಬಂದರೆ ಎದುರಿನ ವಕೀಲರು ಅದನ್ನು ಕೆಂಪು ಶಾಯಿಯಲ್ಲಿ ಗೆರೆ ಹಾಕಿ ಇಟ್ಟುಕೊಳ್ಳುತ್ತಾರೆ: ಕರಾರು ಇರಲಿಲ್ಲ ಎಂಬುದಕ್ಕೆ ಒಮ್ಮೆ, 70ನೆಯ ಕಲಮು ಹತ್ತುವುದಿಲ್ಲ ಎಂಬುದಕ್ಕೆ ಇನ್ನೊಮ್ಮೆ. ಚಿಕ್ಕಪ್ಪ ಚಿಕ್ಕಮ್ಮನ ಮೇಲಿನ ಪ್ರೀತಿಯಿಂದ ನೋಡಿಕೊಂಡದ್ದು ನಿಜ ಎಂದು ಬೇಕಾದರೆ ಬರೆಯಿರಿ. ಮನೆ ಮಾರಿದ್ದು ಮತ್ತು ಎಂಟು ಲಕ್ಷ ಹಾಕಿದ್ದು ಮಾತ್ರ ಅವರು ಬರೆದು ಕಳಿಸಿದ ಮಾತಿನ ಮೇಲೆ ಎಂದು, ಆ ಸಂದೇಶದ ತಾರೀಖಿನ ಸಮೇತ, ಬೇರೆಯ ಪ್ಯಾರಾದಲ್ಲಿ ಬರೆಸಿ. ಈ ಉತ್ತರವನ್ನು ನೀವೇ ಬರೆದು ಅಂಚೆಗೆ ಹಾಕಬೇಡಿ, ವಕೀಲರ ಕೈಯಿಂದಲೇ ಹೋಗಲಿ.